ಉತ್ಪಾದನಾ ಸಾಧ್ಯತಾ ರೇಖೆ

ಉತ್ಪಾದನಾ ಸಾಧ್ಯತಾ ರೇಖೆ ಎಂಬುದು ಅರ್ಥಶಾಸ್ತ್ರದಲ್ಲಿ ಬಳಕೆಯಲ್ಲಿರುವ ಒಂದು ನಕ್ಷೆ. ಒಂದು ನಾಡಿನಲ್ಲಾಗಲಿ, ಒಂದು ಹೋಬಳಿಯಲ್ಲಾಗಲಿ ಇರುವ ಭೂಮಿ, ನೀರು, ದುಡಿಮೆ, ಸಲಕರಣೆ ಮತ್ತು ತಿಳಿವಳಿಕೆ ಇಷ್ಟೇ ಎಂದು ಗೊತ್ತಾದ ಮೇಲೆ, ಅವುಗಳನ್ನೆಲ್ಲ ಲೋಪವಿಲ್ಲದೆ ಬಳಸಿ ಎರಡು ಸರಕುಗಳನ್ನು ಹೆಚ್ಚೆಂದರೆ ಯಾವ ಯಾವ ಪ್ರಮಾಣಗಳಲ್ಲಿ ಉತ್ಪಾದಿಸಬಹುದು ಎಂಬುದನ್ನು ಈ ರೇಖೆ ತೋರಿಸುತ್ತದೆ. ಒಂದು ಸರಕನ್ನು ಹೆಚ್ಚಿಸಲು ಇನ್ನೊಂದರಲ್ಲಿ ಎಷ್ಟನ್ನು ಬಿಟ್ಟುಕೊಡಬೇಕಾಗುತ್ತದೆಯೋ ಅದನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಪರ್ಯಾಯ ವೆಚ್ಚ ಎಂಬ ಹೆಸರೂ ರೂಢಿಯಲ್ಲಿದೆ.

ಪಠ್ಯಪುಸ್ತಕಗಳಲ್ಲಿ ಈ ರೇಖೆಗೆ ಸಾಮಾನ್ಯವಾಗಿ ಬಂದೂಕು ಮತ್ತು ಬೆಣ್ಣೆಯ ಉದಾಹರಣೆಯನ್ನು ಕೊಡುವುದುಂಟು. ಪಾಲ್ ಸ್ಯಾಮುಯೆಲ್ಸನ್ 1948ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕದಿಂದ ಅದು ಜನಪ್ರಿಯವಾಯಿತು. ಆದರೆ ಅವಕಾಶ ವೆಚ್ಚವು ಏಕೆ ಏರುತ್ತಾ ಹೋಗುತ್ತದೆ ಎಂಬುದು ಆ ಉದಾಹರಣೆಯಿಂದ ಸುಲಭವಾಗಿ ಹೊಳೆಯುವುದಿಲ್ಲ. ಹೊಳೆಯ ಪಕ್ಕದ ಗದ್ದೆಯನ್ನೂ ದಿಣ್ಣೆಯ ಹೊಲವನ್ನೂ ನೋಡಿದವರಿಗೆ ಅದು ಬೇಗ ತಿಳಿಯುತ್ತದೆ. ಆದ್ದರಿಂದ ಈ ಲೇಖನದಲ್ಲಿ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಎರಡು ಉತ್ಪನ್ನಗಳಾದ ಭತ್ತ ಮತ್ತು ರೇಷ್ಮೆಗೂಡುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

## ಹಿನ್ನೆಲೆ

ನಂಜನಗೂಡು ಕಬಿನಿ ನದಿಯ ದಂಡೆಯಲ್ಲಿದೆ. ಜನ ಈ ನದಿಯನ್ನು ಕಪಿಲೆ ಎಂದೂ ಕರೆಯುತ್ತಾರೆ. ಇದೇ ನದಿ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನದಿಯ ಅಂಚಿನ ತಗ್ಗು ನೆಲದಲ್ಲಿ ಜಿಗುಟಾದ ಎರೆ ಮಣ್ಣಿದ್ದು, ಕಟ್ಟಿದ ನೀರು ಬೇಗ ಇಂಗುವುದಿಲ್ಲ. ಭತ್ತಕ್ಕೆ ಇದು ಹೇಳಿಮಾಡಿಸಿದ ನೆಲ. ನದಿಯಿಂದ ದೂರ ಸರಿದಂತೆ ನೆಲ ಏರುತ್ತದೆ, ಮಣ್ಣು ಕೆಂಪಾಗುತ್ತದೆ, ಮರಳಿನ ಅಂಶ ಹೆಚ್ಚುತ್ತದೆ, ನೀರು ನಿಲ್ಲುವುದಿಲ್ಲ. ಅಂತಹ ನೆಲದಲ್ಲಿ ಭತ್ತ ಸೊರಗುತ್ತದೆ. ಹಿಪ್ಪುನೇರಳೆ ಚೆನ್ನಾಗಿ ಚಿಗುರುತ್ತದೆ. ಇದೇ ಹಿಪ್ಪುನೇರಳೆಯನ್ನು ನೀರು ನಿಲ್ಲುವ ಗದ್ದೆಗೆ ನೆಟ್ಟರೆ ಬೇರು ಕೊಳೆತು ಸೊಪ್ಪಿನ ಇಳುವರಿ ಕುಸಿಯುತ್ತದೆ. ಸೊಪ್ಪು ಕಡಿಮೆಯಾದರೆ ಸಾಕಬಹುದಾದ ಹುಳುಗಳೂ ಕಡಿಮೆ, ಗೂಡೂ ಕಡಿಮೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಟಿಪ್ಪುವಿನ ಕಾಲದಿಂದ ಪ್ರೋತ್ಸಾಹ ದೊರೆತಿದೆ. ಮೈಸೂರು ರೇಷ್ಮೆ ಸೀರೆಗಳನ್ನು ತಯಾರಿಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆ ಟಿ. ನರಸೀಪುರದಲ್ಲಿದೆ. ಹೀಗಾಗಿ ಇಲ್ಲಿನ ರೈತನ ಮುಂದೆ ಗದ್ದೆಯೋ ಹಿಪ್ಪುನೇರಳೆ ತೋಟವೋ ಎಂಬ ಪ್ರಶ್ನೆ ನಿಜವಾಗಿಯೂ ಇರುತ್ತದೆ.

## ಒಂದು ಹೋಬಳಿಯ ಲೆಕ್ಕ

ಹೊಳೆಯಿಂದ ದಿಣ್ಣೆಯವರೆಗೆ ಹರಡಿದ 500 ಎಕರೆಯ ಒಂದು ಪ್ರದೇಶವನ್ನು ಕಲ್ಪಿಸಿಕೊಳ್ಳಬಹುದು. ಅದನ್ನು ತಲಾ 100 ಎಕರೆಯ ಐದು ಪಟ್ಟಿಗಳಾಗಿ ವಿಂಗಡಿಸಿ, ಕೆಳಗಿನಿಂದ ಮೇಲಕ್ಕೆ ಹೊಳೆಬಯಲು, ನಾಲೆಯಂಚು, ನಡುಬಯಲು, ಏರುಹೊಲ, ದಿಣ್ಣೆ ಎಂದು ಕರೆಯೋಣ. ಮುಂದಿನ ಅಂಕಿಗಳು ವಿವರಣೆಗಾಗಿ ಊಹಿಸಿದವೇ ಹೊರತು ಸಮೀಕ್ಷೆಯಿಂದ ಬಂದವಲ್ಲ. ಲೆಕ್ಕ ಸರಳವಾಗಿರಲೆಂದು ಗೊಬ್ಬರ, ಕೂಲಿ, ಹುಳು ಸಾಕುವ ಮನೆ ಮುಂತಾದವು ಎರಡೂ ಬೆಳೆಗಳಿಗೆ ಅಗತ್ಯವಿರುವಷ್ಟು ದೊರೆಯುತ್ತವೆ ಎಂದು ಭಾವಿಸಲಾಗಿದೆ.

| ಪಟ್ಟಿ | ಪೂರ್ತಿ ಭತ್ತವಾದರೆ (ಕ್ವಿಂಟಾಲ್) | ಪೂರ್ತಿ ಹಿಪ್ಪುನೇರಳೆಯಾದರೆ ಗೂಡು (ಟನ್) |
|---|---|---|
| ಹೊಳೆಬಯಲು | 2400 | 12 |
| ನಾಲೆಯಂಚು | 2250 | 15 |
| ನಡುಬಯಲು | 1800 | 18 |
| ಏರುಹೊಲ | 1200 | 24 |
| ದಿಣ್ಣೆ | 600 | 30 |

ಐದೂ ಪಟ್ಟಿಗಳಲ್ಲಿ ಭತ್ತವನ್ನೇ ಬೆಳೆದರೆ ವರ್ಷಕ್ಕೆ 8250 ಕ್ವಿಂಟಾಲ್ ದೊರೆಯುತ್ತದೆ, ಗೂಡು ಸೊನ್ನೆ. ಈಗ ಸ್ವಲ್ಪ ಗೂಡು ಬೇಕಾಯಿತೆನ್ನೋಣ. ಯಾವ ನೆಲವನ್ನು ಮೊದಲು ಬಿಡಬೇಕು? ಭತ್ತದ ನಷ್ಟ ಅತಿ ಕಡಿಮೆಯಾಗುವ ನೆಲವನ್ನು, ಅಂದರೆ ದಿಣ್ಣೆಯನ್ನು. ಅಲ್ಲಿ 600 ಕ್ವಿಂಟಾಲ್ ಭತ್ತ ಬಿಟ್ಟರೆ 30 ಟನ್ ಗೂಡು ಬರುತ್ತದೆ. ಇನ್ನೂ ಗೂಡು ಬೇಕಾದರೆ ಏರುಹೊಲ, ಅನಂತರ ನಡುಬಯಲು, ಹೀಗೆ ಕೊನೆಗೆ ಹೊಳೆಬಯಲನ್ನೂ ಹಿಪ್ಪುನೇರಳೆಗೆ ಕೊಡಬೇಕಾಗುತ್ತದೆ. ಈ ಕ್ರಮದಲ್ಲಿ ದೊರೆಯುವ ಬಿಂದುಗಳು ಹೀಗಿವೆ.

| ಬಿಂದು | ಗೂಡು (ಟನ್) | ಭತ್ತ (ಕ್ವಿಂಟಾಲ್) | ಈ ಹಂತದಲ್ಲಿ ಒಂದು ಟನ್ ಗೂಡಿಗೆ ಬಿಟ್ಟ ಭತ್ತ (ಕ್ವಿಂಟಾಲ್) |
|---|---|---|---|
| ಕ | 0 | 8250 | – |
| ಖ | 30 | 7650 | 20 |
| ಗ | 54 | 6450 | 50 |
| ಘ | 72 | 4650 | 100 |
| ಚ | 87 | 2400 | 150 |
| ಛ | 99 | 0 | 200 |

ಗೂಡನ್ನು ಅಡ್ಡ ಅಕ್ಷದಲ್ಲಿಯೂ ಭತ್ತವನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿ ಈ ಆರು ಬಿಂದುಗಳನ್ನು ಸೇರಿಸಿದರೆ ಉತ್ಪಾದನಾ ಸಾಧ್ಯತಾ ರೇಖೆ ಮೂಡುತ್ತದೆ. ಇಲ್ಲಿ ಪಟ್ಟಿಗಳು ಐದೇ ಆದ್ದರಿಂದ ಅದು ಐದು ನೇರ ತುಂಡುಗಳಿಂದಾದ ರೇಖೆ. ನಿಜವಾದ ಊರಿನಲ್ಲಿ ಒಂದೊಂದು ಹೊಲದ ಗುಣವೂ ಬೇರೆಯಾಗಿರುವುದರಿಂದ ತುಂಡುಗಳು ಚಿಕ್ಕವಾಗುತ್ತಾ ನಯವಾದ ಬಾಗಿನ ರೂಪಕ್ಕೆ ಬರುತ್ತವೆ.

## ಏರುವ ಅವಕಾಶ ವೆಚ್ಚ

ಪಟ್ಟಿಯ ಕೊನೆಯ ಸಾಲನ್ನು ಮೇಲಿನಿಂದ ಕೆಳಕ್ಕೆ ಓದಿದರೆ 20, 50, 100, 150, 200 ಎಂದು ಏರುತ್ತದೆ. ಮೊದಲ ಟನ್ ಗೂಡಿಗೆ 20 ಕ್ವಿಂಟಾಲ್ ಭತ್ತ ಬಿಟ್ಟವರು ಕೊನೆಯ ಟನ್ನಿಗೆ 200 ಕ್ವಿಂಟಾಲ್ ಬಿಡಬೇಕಾಗುತ್ತದೆ. ಗೂಡಿನ ಗುಣವೇನೂ ಬದಲಾಗಿಲ್ಲ, ರೈತನೂ ಸೋಮಾರಿಯಾಗಿಲ್ಲ. ಹಿಪ್ಪುನೇರಳೆಗೆ ಒಗ್ಗುವ ನೆಲ ಮೊದಲೇ ಮುಗಿದುಹೋಗಿ, ಭತ್ತಕ್ಕೆ ಒಗ್ಗುವ ನೆಲವನ್ನು ಬಲವಂತವಾಗಿ ತೋಟ ಮಾಡಬೇಕಾಗಿ ಬಂದದ್ದೇ ಇದಕ್ಕೆ ಕಾರಣ. ರೇಖೆಯು ಮೂಲಬಿಂದುವಿನಿಂದ ಹೊರಕ್ಕೆ ಉಬ್ಬಿದಂತೆ ಬಾಗಿರುವುದು ಇದರಿಂದಲೇ. ಎಲ್ಲ ಪಟ್ಟಿಗಳೂ ಒಂದೇ ಗುಣದವಾಗಿದ್ದರೆ ವೆಚ್ಚ ಉದ್ದಕ್ಕೂ ಒಂದೇ ಆಗಿ ರೇಖೆ ನೇರವಾಗಿರುತ್ತಿತ್ತು.

ಇದನ್ನೇ ಇನ್ನೊಂದು ತುದಿಯಿಂದಲೂ ಓದಬಹುದು. ಛ ಬಿಂದುವಿನಿಂದ ಹಿಂದಕ್ಕೆ ಬಂದರೆ ಭತ್ತದ ಅವಕಾಶ ವೆಚ್ಚ ಏರುತ್ತದೆ. ಹೊಳೆಬಯಲಿನಲ್ಲಿ 2400 ಕ್ವಿಂಟಾಲ್ ಭತ್ತಕ್ಕೆ 12 ಟನ್ ಗೂಡು ಬಿಟ್ಟರೆ ಸಾಕು. ದಿಣ್ಣೆಯಲ್ಲಿ ಬರೀ 600 ಕ್ವಿಂಟಾಲಿಗೆ 30 ಟನ್ ಗೂಡನ್ನೇ ಬಿಡಬೇಕು.

ಅವಕಾಶ ವೆಚ್ಚವನ್ನು ಲೆಕ್ಕ ಮಾಡುವಾಗ ವಿದ್ಯಾರ್ಥಿಗಳು ಎಡವುವ ಒಂದು ಕಡೆ ಇದೆ. ಘ ಬಿಂದುವಿನಲ್ಲಿ 72 ಟನ್ ಗೂಡಿಗೆ ಒಟ್ಟು 3600 ಕ್ವಿಂಟಾಲ್ ಭತ್ತ ಹೋಗಿದೆ, ಆದ್ದರಿಂದ ಟನ್ನಿಗೆ 50 ಎಂದು ಭಾಗಿಸುವುದು ವಾಡಿಕೆ. ಅದು ಸರಾಸರಿ. ಅಲ್ಲಿಂದ ಮುಂದೆ ಇನ್ನೊಂದು ಟನ್ ಬೇಕೆಂದರೆ ತೆರಬೇಕಾದದ್ದು 150 ಕ್ವಿಂಟಾಲ್. ತೀರ್ಮಾನಕ್ಕೆ ಬೇಕಾದದ್ದು ಈ ಎರಡನೆಯ ಸಂಖ್ಯೆ. ಸರಾಸರಿಯನ್ನು ನಂಬಿದವರಿಗೆ ಮುಂದಿನ ಟನ್ ಅಗ್ಗವೆಂದು ಭ್ರಮೆಯಾಗುತ್ತದೆ.

## ಸಾಧ್ಯವಾದ ಬಿಂದುಗಳು

ರೇಖೆಯ ಮೇಲಿರುವ ಮತ್ತು ರೇಖೆಯ ಒಳಗಿರುವ ಎಲ್ಲ ಬಿಂದುಗಳೂ ಸಾಧ್ಯವಾದವು. ರೇಖೆಯ ಮೇಲಿದ್ದರೆ ಒಂದನ್ನು ಕಡಿಮೆ ಮಾಡದೆ ಇನ್ನೊಂದನ್ನು ಹೆಚ್ಚಿಸಲಾಗದು. ಒಳಗಿದ್ದರೆ ಹೆಚ್ಚಿಸಬಹುದು. ಒಂದು ಬಿಂದು ಒಳಗಿದೆಯೇ ಎಂದು ತಿಳಿಯಲು ಇದೇ ಪರೀಕ್ಷೆ.

ಒಳಗಿನ ಬಿಂದು ಎಂದಕೂಡಲೇ ಪಾಳು ಬಿದ್ದ ಹೊಲ, ಹೂಳು ತುಂಬಿದ ನಾಲೆ, ಕೆಲಸವಿಲ್ಲದ ಕೈಗಳು ನೆನಪಾಗುತ್ತವೆ. ಅವೂ ಕಾರಣಗಳೇ. ಆದರೆ ಒಂದಿಂಚೂ ಪಾಳು ಬಿಡದೆ, ಎಲ್ಲರೂ ದುಡಿಯುತ್ತಿದ್ದರೂ ರೇಖೆಯ ಒಳಗೆ ಉಳಿಯುವುದು ಸಾಧ್ಯ. ಹೊಳೆಬಯಲು ಮತ್ತು ನಾಲೆಯಂಚಿನವರು, ಆ ವರ್ಷ ಗೂಡಿಗೆ ಒಳ್ಳೆಯ ಬೆಲೆ ಇದೆಯೆಂದು ಹಿಪ್ಪುನೇರಳೆ ನೆಟ್ಟರೆನ್ನೋಣ. ಮನೆಯ ಊಟಕ್ಕೆ ಬೇಕೆಂದು ದಿಣ್ಣೆ, ಏರುಹೊಲ, ನಡುಬಯಲಿನವರು ಭತ್ತ ಹಾಕಿದರೆನ್ನೋಣ. ಆಗ ಗೂಡು 12 ಮತ್ತು 15 ಸೇರಿ 27 ಟನ್. ಭತ್ತ 600, 1200, 1800 ಸೇರಿ 3600 ಕ್ವಿಂಟಾಲ್. ಇದೇ 27 ಟನ್ ಗೂಡನ್ನು ದಿಣ್ಣೆಯ 90 ಎಕರೆಯಲ್ಲಿಯೇ ಬೆಳೆಯಬಹುದಿತ್ತು. ಅದಕ್ಕೆ ಬಿಡಬೇಕಾದ ಭತ್ತ 540 ಕ್ವಿಂಟಾಲ್ ಮಾತ್ರ, ಉಳಿಯುವುದು 7710 ಕ್ವಿಂಟಾಲ್. ಅಂದರೆ 4110 ಕ್ವಿಂಟಾಲ್ ಭತ್ತ ಯಾರ ಕಣ್ಣಿಗೂ ಬೀಳದೆ ನಷ್ಟವಾಯಿತು. ಊರಿನಲ್ಲಿ ನಿಂತು ನೋಡಿದರೆ ಎಲ್ಲೆಲ್ಲೂ ಹಸಿರೇ ಕಾಣುತ್ತದೆ; ಈ ನಷ್ಟ ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತದೆ. ಉತ್ಪಾದನಾ ಸಾಧ್ಯತಾ ರೇಖೆಯ ಮುಖ್ಯ ಉಪಯೋಗ ಇಲ್ಲಿದೆ ಎನ್ನಬಹುದು.

ರೇಖೆಯ ಮೇಲಿನ ಬಿಂದುಗಳಲ್ಲಿ ಯಾವುದು ಉತ್ತಮ ಎಂಬುದನ್ನು ರೇಖೆ ಹೇಳುವುದಿಲ್ಲ. ಅದನ್ನು ಬೆಲೆಗಳು, ಜನರ ಅಗತ್ಯ, ಸರ್ಕಾರದ ಧೋರಣೆ ತೀರ್ಮಾನಿಸುತ್ತವೆ.

## ಅಸಾಧ್ಯವಾದ ಬಿಂದುಗಳು

ರೇಖೆಯ ಹೊರಗಿನ ಬಿಂದುಗಳು ಸದ್ಯಕ್ಕೆ ಅಸಾಧ್ಯ. ಉದಾಹರಣೆಗೆ 72 ಟನ್ ಗೂಡು ಮತ್ತು 6450 ಕ್ವಿಂಟಾಲ್ ಭತ್ತ. 72 ಟನ್ನಿಗೆ ದಿಣ್ಣೆ, ಏರುಹೊಲ, ನಡುಬಯಲು ಮೂರೂ ಬೇಕು. ಉಳಿದ ಎರಡು ಪಟ್ಟಿಗಳು ಕೊಡುವುದು 4650 ಕ್ವಿಂಟಾಲ್. ಕೊರತೆ 1800 ಕ್ವಿಂಟಾಲ್, ಅಂದರೆ ನಡುಬಯಲಿನ ಬೆಳೆ. ನಡುಬಯಲು ಒಂದೇ ವರ್ಷದಲ್ಲಿ ತೋಟವೂ ಗದ್ದೆಯೂ ಆಗಿರಬೇಕೆಂದು ಕೇಳಿದಂತಾಯಿತು. ಸಾಲ ಅಥವಾ ಸಹಾಯಧನ ಕೊಟ್ಟ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ. ಆ ಹಣದಿಂದ ನೆಲವೋ ನೀರೋ ತಳಿಯೋ ಸುಧಾರಿಸಿದರೆ ಮಾತ್ರ ರೇಖೆ ಕದಲುತ್ತದೆ.

ಉತ್ಪಾದಿಸಲಾಗದ ಬಿಂದುವನ್ನು ಅನುಭೋಗಿಸಲೂ ಆಗದು ಎಂದೇನಿಲ್ಲ. 60 ಟನ್ ಗೂಡು ಇಟ್ಟುಕೊಂಡರೆ ಈ ಪ್ರದೇಶದಲ್ಲಿ ಬೆಳೆಯಬಹುದಾದ ಭತ್ತ 5850 ಕ್ವಿಂಟಾಲ್. ಸಂತೆಯಲ್ಲಿ ಒಂದು ಟನ್ ಗೂಡಿಗೆ 120 ಕ್ವಿಂಟಾಲ್ ಭತ್ತ ಸಿಗುತ್ತದೆ ಎಂದು ಊಹಿಸಿದರೆ, 72 ಟನ್ ಗೂಡು ಮತ್ತು 4650 ಕ್ವಿಂಟಾಲ್ ಭತ್ತ ಬೆಳೆದು, 12 ಟನ್ ಗೂಡನ್ನು ಮಾರಿ 1440 ಕ್ವಿಂಟಾಲ್ ಭತ್ತ ಕೊಳ್ಳಬಹುದು. ಆಗ ಕೈಯಲ್ಲಿ 60 ಟನ್ ಗೂಡೂ 6090 ಕ್ವಿಂಟಾಲ್ ಭತ್ತವೂ ಉಳಿಯುತ್ತವೆ. ಊರಿನ ಅವಕಾಶ ವೆಚ್ಚ ಸಂತೆಯ ವಿನಿಮಯ ದರಕ್ಕಿಂತ ಕಡಿಮೆ ಇರುವವರೆಗೆ ಗೂಡನ್ನು ಹೆಚ್ಚಿಸುತ್ತಾ ಹೋಗುವುದು ಲಾಭಕರ. ಈ ಲೆಕ್ಕದಲ್ಲಿ ನಡುಬಯಲಿನವರೆಗೆ ಹೋಗಬಹುದು; ನಾಲೆಯಂಚಿನಲ್ಲಿ ವೆಚ್ಚ 150 ಆಗಿರುವುದರಿಂದ ಅಲ್ಲಿ ನಿಲ್ಲಬೇಕು.

## ಬೆಳವಣಿಗೆಯ ಪರಿಣಾಮ

ಸಂಪನ್ಮೂಲ ಹೆಚ್ಚಿದಾಗ ಅಥವಾ ತಂತ್ರಜ್ಞಾನ ಸುಧಾರಿಸಿದಾಗ ರೇಖೆಯೇ ಹೊರಕ್ಕೆ ಸರಿಯುತ್ತದೆ. ಖ ಬಿಂದುವಿನಿಂದ ಗ ಬಿಂದುವಿಗೆ ಹೋಗುವುದು ಬೆಳವಣಿಗೆಯಲ್ಲ, ಅದು ಆಯ್ಕೆಯ ಬದಲಾವಣೆ. ಒಳಗಿನ ಬಿಂದುವಿನಿಂದ ರೇಖೆಗೆ ಬರುವುದು ಕೂಡ ಈ ಅರ್ಥದಲ್ಲಿ ಬೆಳವಣಿಗೆಯಲ್ಲ. ಉತ್ಪನ್ನ ಹೆಚ್ಚಿದರೂ ಮಿತಿ ಹಿಂದಿನದೇ ಆಗಿರುತ್ತದೆ.

ಈ ಭಾಗದಲ್ಲಿ ರೇಖೆಯನ್ನು ಸರಿಸಿದ ದೊಡ್ಡ ಸಂಗತಿ ನೀರಾವರಿ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಕೃಷ್ಣರಾಜಸಾಗರದಿಂದ ಹೊರಡುವ ವರುಣಾ ನಾಲೆಯೂ ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ನೆಲಕ್ಕೆ ನೀರು ತಂದಿತು. ಕಾಲ್ಪನಿಕ ಹೋಬಳಿಯ ದಿಣ್ಣೆಗೆ ನಾಲೆ ಬಂದು, ಅಲ್ಲಿನ ಭತ್ತ 600ರಿಂದ 1440 ಕ್ವಿಂಟಾಲಿಗೂ ಗೂಡು 30ರಿಂದ 36 ಟನ್ನಿಗೂ ಏರಿತೆನ್ನೋಣ. ಪೂರ್ತಿ ಭತ್ತದ ಮಿತಿ 9090 ಕ್ವಿಂಟಾಲಿಗೂ ಪೂರ್ತಿ ಗೂಡಿನ ಮಿತಿ 105 ಟನ್ನಿಗೂ ಏರುತ್ತದೆ. ಹಿಂದೆ ಬೆಳೆಯಲಾಗದಿದ್ದ 60 ಟನ್ ಮತ್ತು 6090 ಕ್ವಿಂಟಾಲಿನ ಬಿಂದು ಈಗ ರೇಖೆಯ ಒಳಗೇ ಬೀಳುತ್ತದೆ, ಏಕೆಂದರೆ 60 ಟನ್ನಿನೊಡನೆ 6450 ಕ್ವಿಂಟಾಲ್ ಬೆಳೆಯಬಹುದು. ಆದರೆ 72 ಟನ್ ಮತ್ತು 6450 ಕ್ವಿಂಟಾಲ್ ಈಗಲೂ ಅಸಾಧ್ಯವೇ. 72 ಟನ್ನಿನೊಡನೆ ದೊರೆಯುವುದು 5250 ಕ್ವಿಂಟಾಲ್. ಬೆಳವಣಿಗೆ ಬಂದಿತೆಂದರೆ ಎಲ್ಲ ಆಸೆಗಳೂ ಕೈಗೂಡಿದವು ಎಂದಲ್ಲ. ದಿಣ್ಣೆಯಲ್ಲಿ ಒಂದು ಟನ್ ಗೂಡಿನ ಅವಕಾಶ ವೆಚ್ಚ 20ರಿಂದ 40 ಕ್ವಿಂಟಾಲಿಗೆ ಏರಿದ್ದನ್ನೂ ಗಮನಿಸಬೇಕು. ನೀರು ಬಂದಮೇಲೆ ದಿಣ್ಣೆಯಲ್ಲಿ ಹಿಪ್ಪುನೇರಳೆ ಕಿತ್ತು ಭತ್ತ ಹಾಕುವ ಆಸೆ ಹುಟ್ಟುವುದು ಈ ಕಾರಣದಿಂದ.

ಎರಡನೆಯ ಬಗೆಯದು ಒಂದೇ ಸರಕಿನಲ್ಲಿ ಆಗುವ ಸುಧಾರಣೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು ವಿ-1 ಎಂಬ ಹೆಚ್ಚು ಸೊಪ್ಪು ಕೊಡುವ ಹಿಪ್ಪುನೇರಳೆ ತಳಿಯನ್ನು ರೂಪಿಸಿತು. ಇಂಥ ತಳಿಯಿಂದ ಮೂಲ ಲೆಕ್ಕದ ಐದೂ ಪಟ್ಟಿಗಳಲ್ಲಿ ಗೂಡಿನ ಇಳುವರಿ ನಾಲ್ಕನೆಯ ಒಂದು ಪಾಲು ಹೆಚ್ಚಿತೆಂದು ಭಾವಿಸಿದರೆ, ಗೂಡಿನ ತುದಿ 99ರಿಂದ 123.75 ಟನ್ನಿಗೆ ಸರಿಯುತ್ತದೆ. ಭತ್ತದ ತುದಿ 8250ರಲ್ಲಿಯೇ ನಿಲ್ಲುತ್ತದೆ. ರೇಖೆ ಒಂದು ಕಡೆಗೆ ಮಾತ್ರ ಚಾಚಿಕೊಳ್ಳುತ್ತದೆ. ಆದರೂ ಪ್ರಯೋಜನ ಗೂಡಿಗಷ್ಟೇ ಸೀಮಿತವಲ್ಲ. ಮೊದಲಿನ 54 ಟನ್ ಗೂಡೇ ಸಾಕು ಎನ್ನುವ ಊರಿಗೆ ಈಗ ದಿಣ್ಣೆಯಿಂದಲೇ 37.5 ಟನ್ ಬರುತ್ತದೆ. ಉಳಿದ 16.5 ಟನ್ನನ್ನು ಏರುಹೊಲದ 55 ಎಕರೆಯಲ್ಲಿ ಬೆಳೆಯಬಹುದು. ಮಿಕ್ಕ 45 ಎಕರೆ ಭತ್ತಕ್ಕೆ ಮರಳಿ ಬಂದು 540 ಕ್ವಿಂಟಾಲ್ ಕೊಡುತ್ತದೆ. ಹಿಪ್ಪುನೇರಳೆ ತಳಿಯ ಸುಧಾರಣೆಯಿಂದ ಅನ್ನವೂ ಹೆಚ್ಚಿದಂತಾಯಿತು.

ಬೆಳವಣಿಗೆಗೂ ತನ್ನದೇ ಅವಕಾಶ ವೆಚ್ಚವಿದೆ. ಅಣೆಕಟ್ಟು ಕಟ್ಟುವ ವರ್ಷಗಳಲ್ಲಿ ಅದಕ್ಕೆ ಹೋದ ಸಿಮೆಂಟು, ದುಡಿಮೆ, ಹಣ ಬೇರೆ ಕೆಲಸಕ್ಕೆ ದೊರೆಯಲಿಲ್ಲ. ಕಬಿನಿಯ ಹಿನ್ನೀರಿನಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಹಳ್ಳಿಗಳು ಮುಳುಗಿದವು. ಕೆಳಭಾಗದ ರೇಖೆ ಹೊರಕ್ಕೆ ಸರಿದದ್ದು ನಿಜ. ಮೇಲ್ಭಾಗದ ಆ ಹೊಲಗಳಿಗೆ ರೇಖೆಯೇ ಉಳಿಯಲಿಲ್ಲ. ಎರಡನ್ನೂ ಒಂದೇ ನಕ್ಷೆಯಲ್ಲಿ ಸೇರಿಸಿ ಒಟ್ಟು ಲಾಭವೆಂದು ಬರೆದರೆ, ಲಾಭ ಪಡೆದವರೂ ಕಳೆದುಕೊಂಡವರೂ ಬೇರೆ ಬೇರೆ ಜನ ಎಂಬ ಸಂಗತಿ ಮರೆಯಾಗುತ್ತದೆ.

## ರೇಖೆ ಒಳಕ್ಕೆ ಸರಿಯುವುದು

ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದಿಲ್ಲ. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ನೀರು ತಲುಪಬೇಕು; ಕೊರತೆಯ ವರ್ಷದಲ್ಲಿಯೂ ಇದ್ದ ನೀರನ್ನು ಹಂಚಿಕೊಳ್ಳಬೇಕಾಗುತ್ತದೆ. ನಾಲೆಗೆ ನೀರು ತಗ್ಗಿದಾಗ ಮೊದಲು ಸೊರಗುವುದು ಭತ್ತ. ಎಲ್ಲ ಪಟ್ಟಿಗಳಲ್ಲಿ ಭತ್ತದ ಇಳುವರಿ ಅರ್ಧವಾಗಿ, ಹಿಪ್ಪುನೇರಳೆ ಕೊಳವೆಬಾವಿಯ ನೀರಿನಿಂದ ಹೇಗೋ ಉಳಿಯಿತೆಂದು ಭಾವಿಸಿದರೆ, ಮೂಲ ಲೆಕ್ಕದ ಭತ್ತದ ತುದಿ 8250ರಿಂದ 4125ಕ್ಕೆ ಇಳಿಯುತ್ತದೆ. ಆಗ ಗೂಡಿನ ಅವಕಾಶ ವೆಚ್ಚವೂ ಅರ್ಧವಾಗಿ 10, 25, 50, 75, 100 ಆಗುತ್ತದೆ. ಗೂಡು ಅಗ್ಗವಾಯಿತು ಎಂದು ಹಿಗ್ಗುವಂತಿಲ್ಲ. ಬಿಟ್ಟುಕೊಡಲು ಭತ್ತವೇ ಇಲ್ಲದಿರುವುದರಿಂದ ಅದು ಅಗ್ಗವಾಗಿ ಕಾಣುತ್ತದೆ. ವಿ-1 ತಳಿಯಿಂದಲೂ ಅವಕಾಶ ವೆಚ್ಚ ಇಳಿದಿತ್ತು, ಬರದಿಂದಲೂ ಇಳಿಯಿತು. ಯಾವ ತುದಿ ಕದಲಿತು, ಯಾವ ದಿಕ್ಕಿಗೆ ಕದಲಿತು ಎಂದು ನೋಡದೆ ಬರೀ ಇಳಿಜಾರನ್ನು ಓದಿದರೆ ಒಳಿತು ಕೆಡುಕು ಗೊತ್ತಾಗುವುದಿಲ್ಲ.

ರೇಷ್ಮೆಯ ತುದಿಯೂ ಹಿಂದಕ್ಕೆ ಸರಿದ ಕಾಲವಿತ್ತು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಆಕಸ್ಮಿಕವಾಗಿ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆಹುಳುವಿನ ಮೇಲೆ ಮೊಟ್ಟೆಯಿಟ್ಟು, ಮರಿ ಒಳಗೆ ಬೆಳೆದು ಹುಳುವನ್ನು ಕೊಲ್ಲುತ್ತದೆ. ಸೊಪ್ಪು, ನೆಲ, ದುಡಿಮೆ ಎಲ್ಲ ಮೊದಲಿನಷ್ಟೇ ಇದ್ದರೂ ಗೂಡು ಕಡಿಮೆ. ಸಾಕಣೆ ಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟುವುದು ಅಂದಿನಿಂದ ರೂಢಿಗೆ ಬಂದಿತು. ಆ ಬಲೆಯ ಖರ್ಚು ಕೂಡ ಹಿಂದಿನ ರೇಖೆಗೆ ಮರಳಲು ತೆತ್ತ ಬೆಲೆಯೇ.

ನಂಜನಗೂಡು ರಸಬಾಳೆಯದು ಇದಕ್ಕಿಂತ ಕಠಿಣವಾದ ಸ್ಥಿತಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಬಾಳೆಗೆ ಪನಾಮಾ ಸೊರಗು ರೋಗ ತಗುಲಿ ಬೆಳೆಯುವ ಪ್ರದೇಶ ತೀರ ಕುಗ್ಗಿತು. ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತದೆ. ಬರಗಾಲ ಕಳೆದ ಮೇಲೆ ಭತ್ತದ ತುದಿ ಹಿಂದಿನ ಜಾಗಕ್ಕೆ ಮರಳುತ್ತದೆ. ರಸಬಾಳೆಯ ತುದಿ, ಬೆಲೆ ಎಷ್ಟೇ ಏರಿದರೂ, ರೋಗವಿಲ್ಲದ ನೆಲ ಮತ್ತು ರೋಗವಿಲ್ಲದ ಸಸಿ ದೊರೆಯುವವರೆಗೆ ಮರಳುವುದಿಲ್ಲ.

## ಮಿತಿಗಳು

ಈ ರೇಖೆ ಎರಡೇ ಸರಕುಗಳನ್ನು ಗಣಿಸುತ್ತದೆ. ನಿಜವಾದ ರೈತನಿಗೆ ಕಬ್ಬು, ರಾಗಿ, ತರಕಾರಿ, ಹಸು ಎಲ್ಲವೂ ಇರುತ್ತವೆ. ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಜಾರಬಹುದು ಎಂಬಂತೆ ನಕ್ಷೆ ಕಾಣುತ್ತದೆ. ಆದರೆ ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಅನೇಕ ವರ್ಷ ನಿಲ್ಲುವ ಬೆಳೆ. ತೋಟ ಕಿತ್ತು ಗದ್ದೆ ಮಾಡಲು ಬೇರು ತೆಗೆಯಬೇಕು, ನೆಲ ಮಟ್ಟ ಮಾಡಬೇಕು, ಬದು ಕಟ್ಟಬೇಕು. ಆ ನಡುವಿನ ಅವಧಿಯಲ್ಲಿ ಊರು ರೇಖೆಯ ಒಳಗೇ ಇರುತ್ತದೆ. ದುಡಿಮೆಯನ್ನು ಇಲ್ಲಿ ಲೆಕ್ಕದಿಂದ ಹೊರಗಿಟ್ಟಿರುವುದೂ ಒಂದು ಕೊರತೆ. ಹುಳುಗಳಿಗೆ ದಿನಕ್ಕೆ ಹಲವು ಬಾರಿ ಸೊಪ್ಪು ಹಾಕಬೇಕು, ಕೊನೆಯ ಹಂತದಲ್ಲಿ ರಾತ್ರಿಯೂ ಬಿಡುವಿಲ್ಲ. ಸಾಕಲು ಕೈಗಳಿಲ್ಲದ ಮನೆಗೆ ದಿಣ್ಣೆಯ ನೆಲವಿದ್ದರೂ 30 ಟನ್ನಿನ ಲೆಕ್ಕ ಕಾಗದದ ಮೇಲೆಯೇ ಉಳಿಯುತ್ತದೆ.